ಮೊದಲು ಅರ್ಜಿ, ಆಮೇಲೆ ರಾಜಿ



ನಾನು ಸರ್ಕಾರಿ ಸೇವೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ನಮ್ಮ ಕಚೇರಿಯ ಆಂತರಿಕ ದೂರು ಸಮಿತಿಯ ಸದಸ್ಯನಾಗಿದ್ದೆ. ಒಂದು ದಿನ ಕೆಳದರ್ಜೆಯ ನೌಕರಿಯ ಹೆಣ್ಣುಮಗಳೊಬ್ಬಳು ಎಂಟು ಪುಟದ ಅರ್ಜಿ ತಂದಳು. ಮೇಲಧಿಕಾರಿ ಎರಡು ವರ್ಷ ಕೊಟ್ಟ ಕಾಟವನ್ನೆಲ್ಲ ಬರೆದಿದ್ದಳು. ಓದಿದ ಐದು ಜನರಲ್ಲಿ ಯಾರಿಗೂ ಅದು ಸುಳ್ಳು ಅನ್ನಿಸಲಿಲ್ಲ. ಆದರೆ ಆಕೆ ಬರೆದ ಕೊನೆಯ ಘಟನೆ ನಡೆದು ಏಳು ತಿಂಗಳಾಗಿತ್ತು. "ಇಷ್ಟು ದಿನ ಯಾಕ ಸುಮ್ಮನಿದ್ದಿ ತಂಗಿ?" ಎಂದು ಕೇಳಿದೆ. "ಸಾಹೇಬ್ರ, ಊರ ಹಿರಿಯರಿಗೆ ಹೇಳಿದ್ನಿರಿ. ಸ್ವಲ್ಪ ತಡಿ, ನಾವು ಮಾತಾಡಿ ಸರಿ ಮಾಡ್ತೀವಿ ಅಂದ್ರು. ತಡದ್ನಿರಿ" ಎಂದಳು. ಅವಧಿ ಮೀರಿದೆ ಎಂದು ಅರ್ಜಿಯನ್ನು ಹಿಂದಿರುಗಿಸುವ ಟಿಪ್ಪಣಿಗೆ ಉಳಿದವರೊಂದಿಗೆ ನಾನೂ ಸಹಿ ಹಾಕಿದೆ. ಕಾನೂನಿನ ಪ್ರಕಾರ ಆ ಸಹಿ ತಪ್ಪಲ್ಲ. ಆದರೂ ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಈ ಸಂಚಿಕೆಯ ಸಂಪಾದಕೀಯಕ್ಕೆ ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ನಮ್ಮ ಮಠಗಳ ಆಶ್ರಯದಲ್ಲಿ ಶಾಲೆ, ಕಾಲೇಜು, ಆಸ್ಪತ್ರೆ, ಪ್ರಸಾದ ನಿಲಯ, ಸಹಕಾರಿ ಸಂಘಗಳು ನಡೆಯುತ್ತಿವೆ. ಅಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡಿಯುತ್ತಾರೆ. ಅವರಿಗೆ ತೊಂದರೆಯಾದಾಗ ಮೊದಲು ಬರುವುದು ವಕೀಲರ ಹತ್ತಿರವಲ್ಲ, ನಮ್ಮ ನಿಮ್ಮಂಥ ಹಿರಿಯರ ಹತ್ತಿರ. ನಾವು "ತಡಿ" ಎನ್ನುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಆ ಒಂದು ಮಾತು ಆಕೆಯ ಬಾಗಿಲನ್ನು ಹೇಗೆ ಮುಚ್ಚುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಕಾಯ್ದೆ ಹೇಳುವುದೇನು?

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯ್ದೆ ಬಂದದ್ದು 2013ರಲ್ಲಿ. ಅದರ 9ನೇ ಕಲಮು ಚಿಕ್ಕದು, ಆದರೆ ಇಡೀ ಕಾಯ್ದೆಯ ಬೀಗದ ಕೈ ಅಲ್ಲೇ ಇದೆ. ದೂರು ಬರವಣಿಗೆಯಲ್ಲಿರಬೇಕು. ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ಸಮಿತಿಗೆ ಸೇರಬೇಕು. ಒಂದರ ಹಿಂದೆ ಒಂದರಂತೆ ಹಲವು ಘಟನೆಗಳು ನಡೆದಿದ್ದರೆ, ಕೊನೆಯ ಘಟನೆಯ ದಿನದಿಂದ ಮೂರು ತಿಂಗಳು. ಆ ಅವಧಿಯಲ್ಲಿ ದೂರು ಕೊಡಲು ಆಕೆಗೆ ಪರಿಸ್ಥಿತಿ ಅಡ್ಡಬಂದಿತ್ತು ಎಂದು ಸಮಿತಿಗೆ ಮನವರಿಕೆಯಾದರೆ, ಕಾರಣವನ್ನು ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ಅದಕ್ಕಿಂತ ಮುಂದೆ ಹೋಗುವ ಅಧಿಕಾರವನ್ನು ಕಾಯ್ದೆ ಸಮಿತಿಗೆ ಕೊಟ್ಟಿಲ್ಲ. ಒಟ್ಟು ಆರು ತಿಂಗಳು. ಅಷ್ಟೇ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮೊದಲನೆಯದು, "ಎರಡು ವರ್ಷದ ಹಿಂದಿನ ಮಾತು ಈಗ ಯಾರು ಕೇಳುತ್ತಾರೆ" ಎಂದು ಪೂರ್ತಿ ಕೈಬಿಡುವುದು. ಇದು ಸರಿಯಲ್ಲ. ಸರಪಳಿಯ ಕೊನೆಯ ಕೊಂಡಿ ಅವಧಿಯೊಳಗಿದ್ದರೆ ಹಳೆಯ ಕೊಂಡಿಗಳನ್ನೂ ಅದರ ಜೊತೆಗೆ ಎಳೆದು ತರಬಹುದು. ಎರಡನೆಯದು ಇದಕ್ಕೆ ತದ್ವಿರುದ್ಧ: "ಆ ಮನುಷ್ಯ ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ, ನನ್ನ ಸಂಕಟ ಇನ್ನೂ ಮುಗಿದಿಲ್ಲ, ಹಾಗಾಗಿ ನನ್ನ ಅವಧಿಯೂ ಮುಗಿದಿಲ್ಲ" ಎಂದು ನಂಬಿ ಕೂರುವುದು. ಇದೂ ಸರಿಯಲ್ಲ. ಈ ಎರಡನೆಯ ನಂಬಿಕೆಯ ಬೆಲೆ ಎಷ್ಟು ಎಂಬುದನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೊಂದು ತೋರಿಸಿದೆ.

ಕೊಲ್ಕತ್ತಾದ ಪ್ರಕರಣ

ಕೊಲ್ಕತ್ತಾದ ಕಾನೂನು ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕಿ ತಮ್ಮ ಕುಲಪತಿಗಳ ಮೇಲೆ ದೂರು ಕೊಟ್ಟರು. ಹೆಸರುಗಳು ನಮಗೆ ಮುಖ್ಯವಲ್ಲ, ದಿನಾಂಕಗಳು ಮುಖ್ಯ. ಅವರ ಪ್ರಕಾರ ಕಿರುಕುಳ 2019ರಲ್ಲೇ ಶುರುವಾಗಿತ್ತು. ಕೊನೆಯ ಘಟನೆ 2023ರ ಏಪ್ರಿಲಿನದು. ಅದೇ ವರ್ಷ ಆಗಸ್ಟಿನಲ್ಲಿ ಅವರನ್ನು ಒಂದು ಅಧ್ಯಯನ ಕೇಂದ್ರದ ನಿರ್ದೇಶಕ ಸ್ಥಾನದಿಂದ ತೆಗೆದುಹಾಕಲಾಯಿತು. ದೂರು ಸಲ್ಲಿಸಿದ್ದು 2023ರ ಡಿಸೆಂಬರ್ 26ರಂದು. ಆರೋಪ ಸಂಸ್ಥೆಯ ಮುಖ್ಯಸ್ಥರ ಮೇಲೇ ಇದ್ದುದರಿಂದ ದೂರು ಹೋದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ.

ಏಪ್ರಿಲಿನಿಂದ ಎಣಿಸಿದರೆ ಮೂರು ತಿಂಗಳು ಜುಲೈಗೆ ಮುಗಿಯುತ್ತದೆ, ಆರು ತಿಂಗಳು ಅಕ್ಟೋಬರಿಗೆ. ಡಿಸೆಂಬರ್ ಎರಡಕ್ಕೂ ಹೊರಗೆ. ಸ್ಥಳೀಯ ಸಮಿತಿ ದೂರನ್ನು ತಿರಸ್ಕರಿಸಿತು. ಹೈಕೋರ್ಟಿನ ಏಕಸದಸ್ಯ ಪೀಠ ಅವರ ಪರವಾಗಿ ಹೇಳಿತು, ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಕೊನೆಗೆ ವಿಷಯ ಸುಪ್ರೀಂ ಕೋರ್ಟಿಗೆ ಬಂತು. ಅಲ್ಲಿ ಪ್ರಶ್ನೆ ಒಂದೇ: ಆಗಸ್ಟಿನಲ್ಲಿ ಹುದ್ದೆಯಿಂದ ತೆಗೆದದ್ದನ್ನು ಕಿರುಕುಳದ ಕೊನೆಯ ಕೊಂಡಿ ಎಂದು ಎಣಿಸಬಹುದೇ? ಎಣಿಸಬಹುದಾದರೆ ಡಿಸೆಂಬರಿನ ದೂರು ವಿಸ್ತರಣೆಯ ಅವಧಿಯೊಳಗೆ ಬರುತ್ತದೆ.

ಎಣಿಸಲಾಗದು ಎಂದಿತು ನ್ಯಾಯಾಲಯ. ಅದು ಆಡಳಿತಾತ್ಮಕ ಕ್ರಮ, ಹಿಂದಿನ ಲೈಂಗಿಕ ಕಿರುಕುಳದ ಜೊತೆ ಅದಕ್ಕೆ ನೇರ ಕೊಂಡಿ ಕಾಣುವುದಿಲ್ಲ, ಆದ್ದರಿಂದ ಏಪ್ರಿಲಿನ ಘಟನೆಯೇ ಕೊನೆಯದು ಎಂದು ತೀರ್ಮಾನಿಸಿ ಮೇಲ್ಮನವಿಯನ್ನು ವಜಾ ಮಾಡಿತು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಮಾತನ್ನೂ ಸೇರಿಸಿತು. ತಪ್ಪನ್ನು ಕ್ಷಮಿಸಬಹುದು, ಆದರೆ ಅದು ತಪ್ಪು ಮಾಡಿದವರ ಬೆನ್ನು ಬಿಡಬಾರದು ಎಂದು ಹೇಳಿ, ಈ ತೀರ್ಪನ್ನು ಆ ಕುಲಪತಿಗಳ ಸ್ವವಿವರದ ಭಾಗವಾಗಿ ಸೇರಿಸಬೇಕೆಂದು ನಿರ್ದೇಶಿಸಿತು. ಆದರೆ ದೂರಿನ ವಿಚಾರಣೆ ಮಾತ್ರ ನಡೆಯಲೇ ಇಲ್ಲ. ಕಾನೂನು ಕಲಿಸುವ ಪ್ರಾಧ್ಯಾಪಕಿಗೇ ಹೀಗಾದರೆ, ನಮ್ಮ ಹಾಸ್ಟೆಲ್ಲಿನ ಅಡುಗೆಯಾಕೆಯ ಗತಿ ಏನು ಎಂದು ಯೋಚಿಸಿ.

ಸೋರಿಕೆ ಮತ್ತು ಕಲೆ

ಮುಂದುವರಿಯುತ್ತಿರುವ ತಪ್ಪು ಬೇರೆ, ನಡೆದುಹೋದ ತಪ್ಪಿನ ಮುಂದುವರಿದ ಪರಿಣಾಮ ಬೇರೆ. ಆ ತೀರ್ಪು ನಿಂತಿರುವುದು ಈ ಭೇದದ ಮೇಲೆ. ಕಟ್ಟಡ ಕಟ್ಟಿದವನಾದ್ದರಿಂದ ನಾನು ಅದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಗೋಡೆಯೊಳಗಿನ ಪೈಪು ಒಡೆದು ದಿನವೂ ನೀರು ಜಿನುಗುತ್ತಿದ್ದರೆ ಅದು ಮುಂದುವರಿಯುತ್ತಿರುವ ದೋಷ. ಪೈಪು ಒಮ್ಮೆ ಸೋರಿ ನಿಂತಿದೆ, ಗೋಡೆಯ ಮೇಲೆ ತೇವದ ಕಲೆ ಮಾತ್ರ ವರ್ಷಗಟ್ಟಲೆ ಉಳಿದಿದೆ ಅಂದರೆ ಅದು ಪರಿಣಾಮ. ಕಾಯ್ದೆಯ ಗಡಿಯಾರ ಸೋರಿಕೆಯಿಂದ ಎಣಿಸುತ್ತದೆ, ಕಲೆಯಿಂದ ಅಲ್ಲ. ಆಕೆಯ ನಿದ್ದೆಗೆಟ್ಟ ರಾತ್ರಿಗಳು, ಕಚೇರಿಗೆ ಹೋಗಲು ಹೆದರುವ ಬೆಳಗುಗಳು ನಿಜವೇ. ಆದರೆ ಗಡಿಯಾರದ ಲೆಕ್ಕದಲ್ಲಿ ಅವು ಕಲೆಗಳು.

ಹಾಗಾದರೆ ವರ್ಗಾವಣೆ, ಮೆಮೊ, ಬಡ್ತಿ ತಡೆ ಇವುಗಳು ಎಂದೂ ಲೆಕ್ಕಕ್ಕೆ ಬರುವುದಿಲ್ಲವೇ? ಬರುತ್ತವೆ, ಆದರೆ ಒಂದು ಷರತ್ತಿನ ಮೇಲೆ. ಕಾಯ್ದೆಯ 3ನೇ ಕಲಮು, ಲೈಂಗಿಕ ವರ್ತನೆಯ ಜೊತೆ ಸೇರಿಕೊಂಡ ನೌಕರಿಯ ಆಮಿಷ, ನೌಕರಿಗೆ ತೊಂದರೆ ಕೊಡುವ ಬೆದರಿಕೆ, ಕೆಲಸದಲ್ಲಿ ಅಡ್ಡಿ, ಅವಮಾನ ಇವುಗಳನ್ನೂ ಕಿರುಕುಳವೆಂದೇ ಎಣಿಸುತ್ತದೆ. 'ಜೊತೆ ಸೇರಿಕೊಂಡ' ಎಂಬುದೇ ಇಲ್ಲಿ ಮುಖ್ಯ. "ನನ್ನ ಮಾತು ಕೇಳಲಿಲ್ಲ, ಅದಕ್ಕೆ ಈ ಮೆಮೊ" ಎಂಬ ಕೊಂಡಿ ಮಾತಿನಲ್ಲೋ ಸಂದೇಶದಲ್ಲೋ ಕಾಣುವಂತಿದ್ದರೆ ಮೆಮೊ ಸರಪಳಿಯ ಭಾಗ. ಆಡಳಿತ ಮಂಡಳಿಯ ಹತ್ತು ಜನ ಸೇರಿ ಬೇರೆ ಕಾರಣ ಬರೆದು ಹೊರಡಿಸಿದ ಆದೇಶವಾದರೆ, ಅದನ್ನೇ ಕೊನೆಯ ಘಟನೆ ಎಂದು ನೆಚ್ಚುವುದು ಅಪಾಯ.

ಒಂದು ಉದಾಹರಣೆ

ತಿಳಿಯಲು ಸುಲಭವಾಗಲಿ ಎಂದು ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳೋಣ. ಒಂದು ವಿದ್ಯಾಸಂಸ್ಥೆ. ಅಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಗ್ರಂಥಾಲಯ ಸಹಾಯಕಿ. ಕಾಟ ಕೊಡುವವನು ಕಚೇರಿಯ ಅಧೀಕ್ಷಕ. 2023ರ ಮಳೆಗಾಲದಲ್ಲಿ ಆಕೆಯ ಸೀರೆ, ಮೈಕಟ್ಟಿನ ಬಗ್ಗೆ ಮಾತು ಶುರುವಾಯಿತು. ದೀಪಾವಳಿ ರಜೆ ಮುಗಿದ ವಾರ ರಿಜಿಸ್ಟರ್ ಕೊಡುವ ನೆಪದಲ್ಲಿ ಕೈ ಹಿಡಿದ. 2024ರ ಮಾರ್ಚಿನಲ್ಲಿ ತರಬೇತಿಗೆಂದು ಬೇರೆ ಊರಿಗೆ ಹೋದಾಗ ರಾತ್ರಿ ಫೋನು ಮಾಡಿ ಕೋಣೆಗೆ ಕರೆದ. ಆಗಸ್ಟಿನಲ್ಲಿ ವಾಟ್ಸಾಪ್ ಸಂದೇಶಗಳು ಬಂದವು. 2025ರ ಜನವರಿ 10ರಂದು ಕೋಣೆಗೆ ಕರೆಸಿ, "ಅವತ್ತು ತರಬೇತಿಗೆ ಹೋದಾಗ ನನ್ನ ಮಾತು ಕೇಳಿದ್ದರೆ ನಿನ್ನ ನೌಕರಿ ಖಾಯಂ ಆಗುತ್ತಿತ್ತು, ಈಗಲೂ ಕಾಲ ಮಿಂಚಿಲ್ಲ" ಎಂದ. ಮಾರ್ಚ್ 3ರಂದು ಆಕೆಯನ್ನು ಉಗ್ರಾಣಕ್ಕೆ ಹಾಕಿದ ಆದೇಶ ಬಂತು. ಆಕೆ ದೂರು ಬರೆಯಲು ಕೂತದ್ದು ಮೇ 20ರಂದು.

ಈಗ ಲೆಕ್ಕ ಹಾಕಿ. ಮಾರ್ಚ್ 3 ಕೊನೆಯ ಘಟನೆ ಎಂದಾದರೆ ಜೂನ್ 3ರವರೆಗೆ ಕಾಲವಿದೆ, ಮೇ 20 ಅದರೊಳಗೇ ಇದೆ. ಆದರೆ ಸಮಿತಿ "ಆ ಆದೇಶ ಬರೀ ಆಡಳಿತದ್ದು" ಎಂದರೆ ಕೊನೆಯ ಘಟನೆ ಜನವರಿ 10 ಆಗುತ್ತದೆ. ಆಗ ಮೂರು ತಿಂಗಳು ಏಪ್ರಿಲ್ 10ಕ್ಕೇ ಮುಗಿದಿದೆ, ನಲವತ್ತು ದಿನ ತಡವಾಗಿದೆ. ಆದರೂ ಜುಲೈ 10ರವರೆಗೆ ವಿಸ್ತರಣೆಗೆ ಅವಕಾಶವಿದೆ. ಬುದ್ಧಿವಂತಿಕೆ ಇರುವುದು ಎರಡಕ್ಕೂ ಸಿದ್ಧವಾಗಿ ಬರೆಯುವುದರಲ್ಲಿ. ಮಾರ್ಚ್ 3ರ ಆದೇಶವನ್ನು ಜನವರಿಯ ಬೆದರಿಕೆಯ ಮುಂದುವರಿಕೆ ಎಂದು ತೋರಿಸಬೇಕು. ಅದರ ಜೊತೆಗೇ, "ಸಮಿತಿಯು ಜನವರಿ 10ನ್ನೇ ಕೊನೆಯ ಘಟನೆ ಎಂದು ಪರಿಗಣಿಸುವುದಾದರೆ, 9ನೇ ಕಲಮಿನ ಪ್ರಕಾರ ಅವಧಿ ವಿಸ್ತರಿಸಬೇಕೆಂದು ಕೋರುತ್ತೇನೆ" ಎಂದು ಅದೇ ಅರ್ಜಿಯಲ್ಲಿ ಬರೆಯಬೇಕು. ಈ ಎರಡನೆಯ ಸಾಲು ಬಿಟ್ಟುಹೋದರೆ, ವಿಸ್ತರಣೆ ಯಾರೂ ಕೇಳಿಲ್ಲ ಎಂಬ ಕಾರಣಕ್ಕೇ ದೂರು ಬಿದ್ದುಹೋಗಬಹುದು. ಇದೇ ಅರ್ಜಿ ಜುಲೈ 25ಕ್ಕೆ ಬಂದಿದ್ದರೆ ಆಕೆಯ ಇಡೀ ಪ್ರಕರಣ ಮಾರ್ಚ್ 3ರ ಆದೇಶವೊಂದರ ಮೇಲೆ ನಿಲ್ಲುತ್ತಿತ್ತು. ಕೊಲ್ಕತ್ತಾದಲ್ಲಿ ಆದದ್ದು ಬಹುಮಟ್ಟಿಗೆ ಅದೇ.

ಹಳೆಯ ಘಟನೆಗಳನ್ನು ಬರೆಯುವ ಬಗೆ

ನೊಂದವರು ಸಾಮಾನ್ಯವಾಗಿ ಮೊದಲಿನಿಂದ ಬರೆಯುತ್ತಾರೆ. ನೋವು ಶುರುವಾದದ್ದು ಅಲ್ಲಿಂದ ತಾನೇ. ಹೀಗಾಗಿ ಮೊದಲ ಪುಟದಲ್ಲಿ 2023 ಬರುತ್ತದೆ, ಕೊನೆಯ ಘಟನೆ ಏಳನೇ ಪುಟದಲ್ಲಿ ಎಲ್ಲೋ ಹುದುಗಿರುತ್ತದೆ. ಓದುವವರ ಮನಸ್ಸಿನಲ್ಲಿ ಮೊದಲ ಪುಟದಲ್ಲೇ "ಇದು ಹಳೆಯದು" ಎಂಬ ಮುದ್ರೆ ಬೀಳುತ್ತದೆ. ನಮ್ಮ ಕಚೇರಿಗೆ ಬಂದಿದ್ದ ಆ ಎಂಟು ಪುಟದ ಅರ್ಜಿಯೂ ಹಾಗೇ ಇತ್ತು.

ಆದ್ದರಿಂದ ಮೊದಲ ಕಂಡಿಕೆಯಲ್ಲಿ ಕೊನೆಯ ಘಟನೆ ಬರಲಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಏನು ಮಾಡಿದರು ಅಥವಾ ಏನಂದರು. ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. ನಾಚಿಕೆಯಿಂದ "ಅಸಭ್ಯವಾಗಿ ವರ್ತಿಸಿದರು" ಎಂದು ಬರೆದರೆ ಸಮಿತಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಕಂಡಿಕೆಯ ಕೊನೆಗೆ, ಈ ಘಟನೆ ನಡೆದು ಇಷ್ಟು ದಿನವಾಗಿದೆ, ದೂರು ಅವಧಿಯೊಳಗಿದೆ ಅಥವಾ ಇಷ್ಟು ದಿನ ತಡವಾಗಿದೆ ಎಂದು ನೇರವಾಗಿ ಹೇಳಬೇಕು. ತಡವಾದದ್ದನ್ನು ಮುಚ್ಚಿಡಬಾರದು. ಎದುರಿನವರು ಅದನ್ನೇ ಮೊದಲು ಎತ್ತುತ್ತಾರೆ.

ಆಮೇಲೆ ಹಳೆಯ ಘಟನೆಗಳು, ದಿನಾಂಕದ ಕ್ರಮದಲ್ಲಿ, ಒಂದೊಂದಕ್ಕೆ ಒಂದು ಚಿಕ್ಕ ಕಂಡಿಕೆ. ಕಾಮಗಾರಿಯ ಅಳತೆ ಪುಸ್ತಕದಲ್ಲಿ ನಾವು ಒಂದೊಂದು ಅಳತೆಗೆ ಒಂದೊಂದು ಸಾಲು ಬರೆಯುತ್ತಿದ್ದೆವು, ಎರಡು ಕೆಲಸವನ್ನು ಒಂದೇ ಸಾಲಿನಲ್ಲಿ ಬೆರೆಸುತ್ತಿರಲಿಲ್ಲ. ಇಲ್ಲಿಯೂ ಹಾಗೇ. ನಿಖರ ದಿನಾಂಕ ನೆನಪಿಲ್ಲದಿದ್ದರೆ "ದೀಪಾವಳಿ ರಜೆ ಮುಗಿದ ವಾರ" ಎಂದೇ ಬರೆಯಬೇಕು. ಊಹಿಸಿ ದಿನಾಂಕ ಹಾಕಬಾರದು. ಆ ದಿನ ಅವನು ರಜೆಯಲ್ಲಿದ್ದ ಎಂದು ಹಾಜರಿ ಪುಸ್ತಕ ತೋರಿಸಿದರೆ, ಆ ಒಂದು ಸುಳ್ಳು ದಿನಾಂಕ ಉಳಿದ ಐದು ನಿಜಗಳನ್ನೂ ಕೆಡಿಸುತ್ತದೆ.

ಮೂರನೆಯದು ಕೊಂಡಿ. ಬರೀ ಒಂದೇ ವ್ಯಕ್ತಿ ಮಾಡಿದ ಐದು ಕೆಲಸಗಳ ಪಟ್ಟಿ ಸರಪಳಿಯಾಗುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಎಳೆ ಕಾಣಬೇಕು. ನಮ್ಮ ಉದಾಹರಣೆಯಲ್ಲಿ ಜನವರಿ 10ರ ಮಾತಿನಲ್ಲೇ ಆ ಎಳೆ ಇದೆ. "ಅವತ್ತು ತರಬೇತಿಗೆ ಹೋದಾಗ" ಎಂದು ಅವನೇ ಹಿಂದಿನ ಮಾರ್ಚಿನ ಘಟನೆಯನ್ನು ಎತ್ತಿದ್ದಾನೆ. ಅಲ್ಲಿಗೆ ಹತ್ತು ತಿಂಗಳ ಹಿಂದಿನ ಘಟನೆ ಈ ದೂರಿನೊಳಕ್ಕೆ ಬಂತು. ಮಾರ್ಚಿನ ಆದೇಶಕ್ಕೆ ಕೊಂಡಿ ಬೇಕಾದರೆ ಅದನ್ನು ಬರೆಸಿದವರು ಯಾರು, ಕೊಡುವಾಗ ಏನಂದ, ಬೇರೆ ಯಾರನ್ನಾದರೂ ಹೀಗೆ ಹಾಕಿದ್ದಾರೆಯೇ ಎಂಬುದನ್ನು ಬರೆಯಬೇಕು. ಆದೇಶ ಕೈಗಿಡುವಾಗ "ಈಗಲಾದರೂ ತಿಳಿಯಿತೇ" ಎಂದಿದ್ದರೆ, ಆ ಎರಡು ಪದ ಇಡೀ ಆದೇಶಕ್ಕಿಂತ ತೂಕದ್ದು. ನಡುವೆ ಏಳೆಂಟು ತಿಂಗಳು ಏನೂ ನಡೆಯದೆ ಇದ್ದಿದ್ದರೆ ಅದಕ್ಕೂ ಕಾರಣ ಬರೆಯಬೇಕು: ಅವನು ಬೇರೆ ಶಾಖೆಗೆ ಹೋಗಿದ್ದ, ಇವಳು ಹೆರಿಗೆ ರಜೆಯಲ್ಲಿದ್ದಳು, ಹೀಗೆ.

ನಾಲ್ಕನೆಯದು ಪುರಾವೆ. ಪ್ರತಿ ಘಟನೆಯ ಕೆಳಗೆ ಅದಕ್ಕೆ ಏನು ಆಧಾರವಿದೆ ಎಂದು ಒಂದು ಸಾಲು. ವಾಟ್ಸಾಪ್ ಸಂದೇಶವಾದರೆ ಬೇಕಾದ ಒಂದು ಸಾಲನ್ನು ಕತ್ತರಿಸಿ ತೋರಿಸದೆ, ಹಿಂದಿನ ಮುಂದಿನ ಮಾತುಕತೆಯೂ ದಿನಾಂಕವೂ ಕಾಣುವಂತೆ ಇಡಬೇಕು. ಆ ಫೋನನ್ನು ಮಾರಬಾರದು, ಸಂದೇಶ ಅಳಿಸಬಾರದು. ತರಬೇತಿಯ ರಾತ್ರಿಗೆ ಕರೆ ಪಟ್ಟಿ ಇದೆ, ತರಬೇತಿಯ ಹಾಜರಿ ಇದೆ. ಕೈ ಹಿಡಿದ ದಿನಕ್ಕೆ ಯಾವ ಕಾಗದವೂ ಇರುವುದಿಲ್ಲ, ಆದರೆ ಆ ಸಂಜೆ ಅಕ್ಕನ ಹತ್ತಿರ ಅತ್ತಿದ್ದಳು, ಮರುದಿನ ಸಹೋದ್ಯೋಗಿಗೆ ಹೇಳಿದ್ದಳು. ಅವರ ಹೆಸರು ವಿಳಾಸವನ್ನು ಸಾಕ್ಷಿಗಳ ಪಟ್ಟಿಯಲ್ಲಿ ಬರೆಯಬೇಕು. ನಿಯಮಗಳ ಪ್ರಕಾರ ದೂರಿನ ಆರು ಪ್ರತಿಗಳು, ದಾಖಲೆಗಳು, ಸಾಕ್ಷಿಗಳ ವಿವರ ಇವೆಲ್ಲ ಒಟ್ಟಿಗೆ ಹೋಗಬೇಕು. ಕೊಟ್ಟ ದಿನವೇ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿ ಆಕೆಯ ಕೈಯಲ್ಲಿರಬೇಕು. ಬರೆಯಲು ಬಾರದವರಿಗೆ ಬರೆದುಕೊಡಲು ನೆರವಾಗುವುದು ಸಮಿತಿಯದೇ ಕರ್ತವ್ಯ ಎಂದು ಕಾಯ್ದೆ ಹೇಳುತ್ತದೆ.

ತಡವಾದದ್ದಕ್ಕೆ ಕಾರಣ

"ಭಯದಿಂದ ಸುಮ್ಮನಿದ್ದೆ" ಎಂಬುದು ನಿಜವಾದ ಕಾರಣವೇ. ಆದರೆ ಬರೀ ಅಷ್ಟು ಬರೆದರೆ ಸಮಿತಿ ತನ್ನ ಟಿಪ್ಪಣಿಯಲ್ಲಿ ಏನು ಬರೆದುಕೊಳ್ಳಬೇಕು? ವಿಸ್ತರಣೆಯ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಲೇಬೇಕಾದವರು ಅವರು. ಅವರು ಬರೆಯಬಹುದಾದಂಥದ್ದನ್ನು ಆಕೆ ಕೊಡಬೇಕು. ಅದಕ್ಕೆ ದಾರಿ, ಕಳೆದ ಕಾಲವನ್ನು ತುಂಡು ಮಾಡಿ ಹೇಳುವುದು.

ನಮ್ಮ ಉದಾಹರಣೆಯ ಸಹಾಯಕಿ ಹೀಗೆ ಬರೆಯಬಹುದು: "ಜನವರಿ 20ರಂದು ಸಂಸ್ಥೆಯ ಕಾರ್ಯದರ್ಶಿಯವರಿಗೆ ವಿಷಯ ತಿಳಿಸಿದೆ. ಜಾತ್ರೆ ಮುಗಿಯುವವರೆಗೆ ತಡೆಯಲು ಹೇಳಿದರು. ಮಾರ್ಚ್ 31ಕ್ಕೆ ನನ್ನ ಗುತ್ತಿಗೆ ನವೀಕರಣ ಬಾಕಿ ಇತ್ತು, ಅದಕ್ಕೆ ಶಿಫಾರಸು ಮಾಡಬೇಕಾದವರು ಇದೇ ಅಧೀಕ್ಷಕರು. ಏಪ್ರಿಲ್ 5ರಿಂದ 28ರವರೆಗೆ ತಾಯಿಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದೆ, ಚೀಟಿ ಲಗತ್ತಿಸಿದೆ. ಸಂಸ್ಥೆಯಲ್ಲಿ ಆಂತರಿಕ ಸಮಿತಿಯ ಸದಸ್ಯರ ಹೆಸರನ್ನು ಎಲ್ಲಿಯೂ ಹಾಕಿಲ್ಲ. ಯಾರಿಗೆ ದೂರು ಕೊಡಬೇಕೆಂದು ನನಗೆ ತಿಳಿದದ್ದು ಮೇ 12ರಂದು." ಇದರಲ್ಲಿ ಕಣ್ಣೀರಿಲ್ಲ, ಆದರೆ ಪ್ರತಿ ವಾರಕ್ಕೂ ಉತ್ತರವಿದೆ.

ಒಂದು ಎಚ್ಚರಿಕೆ. ಕಾರ್ಯದರ್ಶಿಗೋ ಪ್ರಾಂಶುಪಾಲರಿಗೋ ಹೇಳಿದ್ದರಿಂದ, ಅಥವಾ ಅವರಿಗೆ ಪತ್ರ ಕೊಟ್ಟಿದ್ದರಿಂದ, ಗಡಿಯಾರ ನಿಂತಿತು ಎಂದು ತಿಳಿಯಬಾರದು. ಅಂಥ ಪತ್ರವಿದ್ದರೆ ಲಗತ್ತಿಸಲಿ, ಅದು ಒಳ್ಳೆಯ ಪುರಾವೆ. ಆದರೆ ಕಾಯ್ದೆ ಕೇಳುವುದು ಸಮಿತಿಗೆ ಕೊಟ್ಟ ದೂರನ್ನು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ, ಹಾಗಾಗಿ ಸಮಿತಿಯೇ ಇಲ್ಲದ ಜಾಗವಾದರೆ, ಅಥವಾ ಆರೋಪ ಸಂಸ್ಥೆಯ ಮುಖ್ಯಸ್ಥರ ಮೇಲೇ ಇದ್ದರೆ, ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ಬಾಗಿಲು ಮುಚ್ಚಿದ್ದರೆ

ಆರು ತಿಂಗಳು ಮೀರಿದ್ದರೆ ಸಮಿತಿಯ ದಾರಿ ಮುಗಿಯಿತು, ಎಲ್ಲ ದಾರಿಯೂ ಮುಗಿಯಲಿಲ್ಲ. ಪೊಲೀಸರಿಗೆ ಕೊಡುವ ದೂರಿಗೆ ಲೆಕ್ಕ ಬೇರೆ. 2024ರ ಜುಲೈ 1ರಿಂದ ಈಚೆಗೆ ನಡೆದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮು, ಅದಕ್ಕೆ ಮುಂಚಿನದಕ್ಕೆ ಹಳೆಯ ದಂಡ ಸಂಹಿತೆಯ 354ಎ ಕಲಮು. ಅಶ್ಲೀಲ ಮಾತಿನ ಅಪರಾಧಕ್ಕೆ ಒಂದು ವರ್ಷ, ಮೈಮುಟ್ಟಿದ ಅಥವಾ ಲೈಂಗಿಕ ಬೇಡಿಕೆ ಇಟ್ಟ ಅಪರಾಧಕ್ಕೆ ಮೂರು ವರ್ಷ ಕಾಲಮಿತಿ ಇದೆ. ಮಾನಭಂಗದ ಉದ್ದೇಶದಿಂದ ಬಲಪ್ರಯೋಗ ಮಾಡಿದ್ದರೆ ಶಿಕ್ಷೆ ಐದು ವರ್ಷದವರೆಗೆ ಇರುವುದರಿಂದ ಕಾಲಮಿತಿಯೇ ಅನ್ವಯಿಸುವುದಿಲ್ಲ. ನಮ್ಮ ಉದಾಹರಣೆಯಲ್ಲಿ 2024ರ ಮಾರ್ಚಿನ ಬೇಡಿಕೆ ಸಮಿತಿಗೆ ಹಳೆಯದಾದರೂ, ಪೊಲೀಸರಿಗೆ 2027ರ ಮಾರ್ಚಿನವರೆಗೆ ಹಳೆಯದಲ್ಲ. ಆದರೆ ಠಾಣೆ, ಕೋರ್ಟು, ವರ್ಷಗಟ್ಟಲೆ ಅಲೆದಾಟ ಎಲ್ಲರಿಗೂ ಸಾಧ್ಯವಿಲ್ಲ. ಸಮಿತಿ ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಸಬೇಕು, ವಿಚಾರಣೆಯ ನಡುವೆ ಆಕೆಯನ್ನೋ ಅವನನ್ನೋ ವರ್ಗ ಮಾಡಲು, ಆಕೆಗೆ ಮೂರು ತಿಂಗಳವರೆಗೆ ರಜೆ ಕೊಡಲು ಶಿಫಾರಸು ಮಾಡಬಹುದು. ಬಡ ಹೆಣ್ಣುಮಗಳಿಗೆ ಕೈಗೆಟುಕುವುದು ಇದೇ.

ಹಿರಿಯರಿಗೆ ಒಂದು ಮಾತು

ರಾಜಿ ಮಾಡಿಸುವುದು ನಮ್ಮ ಊರುಗಳ ಹಳೆಯ ರೂಢಿ. ಕಾಯ್ದೆಯೂ ಅದನ್ನು ಪೂರ್ತಿ ಬೇಡವೆಂದಿಲ್ಲ. ಆದರೆ ಅದಕ್ಕೊಂದು ಕ್ರಮ ಇಟ್ಟಿದೆ. ಮೊದಲು ದೂರು ಸಮಿತಿಗೆ ಸೇರಬೇಕು. ವಿಚಾರಣೆ ಶುರುವಾಗುವ ಮುಂಚೆ, ಆಕೆಯೇ ಬಯಸಿ ಕೇಳಿದರೆ ಮಾತ್ರ, ಸಮಿತಿ ರಾಜಿಗೆ ಪ್ರಯತ್ನಿಸಬಹುದು. ದುಡ್ಡು ಕೊಟ್ಟು ಮುಗಿಸುವ ರಾಜಿಗೆ ಅವಕಾಶವಿಲ್ಲ. ರಾಜಿಯ ಷರತ್ತನ್ನು ಅವನು ಮುರಿದರೆ ಆಕೆ ಹೇಳಿದ ಕೂಡಲೇ ವಿಚಾರಣೆಗೆ ದಾರಿ ತೆರೆದೇ ಇರುತ್ತದೆ. ನಾವು ಮಾಡುವ ರಾಜಿ ಇದಕ್ಕೆ ತಲೆಕೆಳಗು. ಅರ್ಜಿ ಬರುವ ಮೊದಲೇ ಕೂರಿಸಿ ಮಾತಾಡುತ್ತೇವೆ. ಜಾತ್ರೆ ಮುಗಿಯಲಿ, ಪರೀಕ್ಷೆ ಮುಗಿಯಲಿ, ಅಪ್ಪಾವ್ರು ಪ್ರವಾಸದಿಂದ ಬರಲಿ ಎನ್ನುತ್ತೇವೆ. ಅವನು "ತಪ್ಪಾಯಿತು" ಎನ್ನುತ್ತಾನೆ, ಎಂಟು ತಿಂಗಳಿಗೆ ಮತ್ತೆ ಹಳೆಯ ಚಾಳಿ. ಅಷ್ಟರಲ್ಲಿ ಹಿಂದಿನದೆಲ್ಲ ಅವಧಿ ಮೀರಿದೆ ಎಂಬ ವಾದಕ್ಕೆ ನಾವೇ ಸಾಮಗ್ರಿ ಒದಗಿಸಿರುತ್ತೇವೆ.

"ಅರ್ಜಿ ಕೊಟ್ಟರೆ ಹುಡುಗಿಯ ಹೆಸರು ಬೀದಿಗೆ ಬರುತ್ತದೆ" ಎಂದು ಕೆಲವರು ಹೇಳುತ್ತಾರೆ. ಸಮಿತಿಯ ಮುಂದಿನ ದೂರು, ಹೆಸರು, ವಿಚಾರಣೆ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ ಎಂದು ಕಾಯ್ದೆಯ 16ನೇ ಕಲಮು ಹೇಳುತ್ತದೆ. ಹತ್ತು ಜನ ಹಿರಿಯರ ಸಭೆಗೆ ಅಂಥ ಕಟ್ಟು ಯಾವುದೂ ಇಲ್ಲ. "ಸಾಬೀತಾಗದಿದ್ದರೆ ಅವಳಿಗೇ ಶಿಕ್ಷೆ" ಎಂಬ ಮಾತೂ ಸುಳ್ಳು. ಬೇಕೆಂದೇ ಸುಳ್ಳು ದೂರು ಕೊಟ್ಟದ್ದು ವಿಚಾರಣೆಯಲ್ಲಿ ಸ್ಥಿರಪಟ್ಟರೆ ಮಾತ್ರ ಕ್ರಮ. ಸಾಬೀತು ಮಾಡಲು ಆಗಲಿಲ್ಲ ಎಂಬುದು ಅದಕ್ಕೆ ಸಾಲದು.

ಮೂರು ತಿಂಗಳು ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸಾಲದು. ರಸ್ತೆ ಕಾಮಗಾರಿಯಲ್ಲಿ ಬಿರುಕು ಬಿಟ್ಟರೆ ಗುತ್ತಿಗೆದಾರನನ್ನು ಹಿಡಿಯಲು ನಮಗೆ ವರ್ಷಗಳ ದೋಷ ಹೊಣೆಯ ಅವಧಿ ಇರುತ್ತಿತ್ತು. ಮನುಷ್ಯರ ಮೇಲಿನ ಬಿರುಕಿಗೆ ಮೂರು ತಿಂಗಳು. ಇದನ್ನು ಬದಲಿಸುವ ಕೆಲಸ ಸಂಸತ್ತಿನದು, ಕೇಳುವ ಕೆಲಸ ನಮ್ಮದು. ಆದರೆ ಬದಲಾಗುವವರೆಗೆ ಇರುವ ಲೆಕ್ಕ ಇದೇ, ಈ ಲೆಕ್ಕವನ್ನೇ ನಮ್ಮ ಹೆಣ್ಣುಮಕ್ಕಳಿಗೆ ಕಲಿಸಬೇಕು.

ಮಠಗಳ ಆಡಳಿತಾಧಿಕಾರಿಗಳಲ್ಲಿ ಒಂದೇ ಕೋರಿಕೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ನಿಮ್ಮ ಪ್ರತಿಯೊಂದು ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕೆಂಬುದು ಕಾನೂನು. ಅದರ ಸದಸ್ಯರ ಹೆಸರು, ಫೋನ್ ಸಂಖ್ಯೆಗಳನ್ನು ಕಚೇರಿಯ ಗೋಡೆಯ ಮೇಲೆ, ಅಡುಗೆಮನೆಯ ಬಾಗಿಲ ಬಳಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ. ಅದರ ಕೆಳಗೆ ಒಂದು ಸಾಲು ಸೇರಿಸಿ: "ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಿ."

ಇನ್ನು ನಮ್ಮಂಥ ಹಿರಿಯರು. ಮುಂದಿನ ಸಲ ಯಾವ ಮಗಳಾದರೂ ಬಂದು ತಲೆತಗ್ಗಿಸಿ ನಿಂತರೆ, "ತಡಿ ತಂಗಿ" ಎನ್ನುವ ಮೊದಲು ಕೇಳೋಣ: "ಕೊನೆಗೆ ಆದದ್ದು ಯಾವತ್ತು?" ದಿನಾಂಕವನ್ನು ಒಂದು ಹಾಳೆಯ ಮೇಲೆ ಬರೆಯೋಣ. ಆ ಹಾಳೆಯನ್ನೇ ಅರ್ಜಿಯ ಮೊದಲ ಪುಟ ಮಾಡೋಣ. ರಾಜಿ, ಬುದ್ಧಿವಾದ, ಹಿರಿತನ ಎಲ್ಲವೂ ಆಮೇಲೆ. ಅಂದು ಆ ಹೆಣ್ಣುಮಗಳಿಗೆ ಯಾರಾದರೂ ಒಬ್ಬರು ಇಷ್ಟು ಮಾಡಿದ್ದರೆ, ಆ ಟಿಪ್ಪಣಿಗೆ ನಾನು ಸಹಿ ಹಾಕಬೇಕಾಗುತ್ತಿರಲಿಲ್ಲ.